ವಿಮಾನ ಟಿಕೆಟ್‌ನಲ್ಲಿ +1, +2 ಅಂತ ಇದ್ದರೆ ಕರೆತರೋಕೆ ಹೋಗೋದು ಯಾವ ದಿನ? ಇಲ್ಲಿದೆ ಲೆಕ್ಕ

ಬೆಳಗಾವಿ: ಅಮೆರಿಕದಿಂದ ಮಗ, ಮಗಳು ಊರಿಗೆ ಬರ್ತಾರೆ ಅಂದಾಗ ವಾಟ್ಸ್‌ಆ್ಯಪ್‌ನಲ್ಲಿ ಟಿಕೆಟ್ ಬರುತ್ತೆ. ತಲುಪುವ ಸಮಯದ ಪಕ್ಕ ಸಣ್ಣದಾಗಿ +1 ಅಥವಾ +2 ಅಂತ ಇರುತ್ತೆ. ಅದನ್ನು ಗಮನಿಸದೆ ಬೆಂಗಳೂರಿಗೆ ಬಾಡಿಗೆ ಗಾಡಿ ಹೇಳಿದರೆ ಒಂದು ದಿನ ಹಿಂದೆ ಮುಂದೆ ಆಗಿ, ಬಾಡಿಗೆ ದಂಡವಾಗುತ್ತೆ.

+1 ಅಂದರೇನು?

ವಿಮಾನ ಹೊರಟ ಊರಿನ ತಾರೀಖಿಗೆ ಒಂದು ದಿನ ಸೇರಿಸಿ ಅಂತ ಅರ್ಥ. ಅದು ಪ್ರಯಾಣದ ಗಂಟೆಗಳ ಲೆಕ್ಕ ಅಲ್ಲ. ಹೊರಡುವ ಸಮಯ ಆ ಊರಿನ ಗಡಿಯಾರದ್ದು, ತಲುಪುವ ಸಮಯ ಇಳಿಯುವ ಊರಿನ ಗಡಿಯಾರದ್ದು.

ಒಂದು ನಿಜ ಉದಾಹರಣೆ

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರಂದು ಹೊರಟಿತು. ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದ ವಿಮಾನ ಅದು. ವೇಳಾಪಟ್ಟಿಯ ಪ್ರಕಾರ ಹೊರಡೋದು ಶನಿವಾರ, 9ರ ರಾತ್ರಿ 8.30ಕ್ಕೆ. ತಲುಪೋದು ಸೋಮವಾರ, 11ರ ನಸುಕಿನ 3.45ಕ್ಕೆ. ಅಂದರೆ +2.

ಎರಡು ದಿನ ಹಾರಾಟವೇನೂ ಇರಲಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತೆ. ಹಾಗಾಗಿ ಅಲ್ಲಿ ಶನಿವಾರ ರಾತ್ರಿ 8.30 ಆದಾಗ ಖಾನಾಪುರದಲ್ಲಿ ಭಾನುವಾರ ಬೆಳಗ್ಗೆ 10 ಗಂಟೆ. ಅದಕ್ಕೆ ಹದಿನೇಳು ಮುಕ್ಕಾಲು ಗಂಟೆ ಹಾರಾಟ ಸೇರಿಸಿದರೆ ಸೋಮವಾರ 3.45. (ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ.)

ಮನೆಯಿಂದ ಹೊರಡೋದು ಯಾವಾಗ?

ಎಡವಟ್ಟು ಆಗೋದು ಇಲ್ಲೇ. ನಮ್ಮ ಮಾತಿನಲ್ಲಿ ನಸುಕಿನ 3.45 ಅಂದರೆ ಇನ್ನೂ 'ಭಾನುವಾರ ರಾತ್ರಿ'. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯೋದಯಕ್ಕೆ. ಟಿಕೆಟ್‌ನಲ್ಲಿ ಮಾತ್ರ ರಾತ್ರಿ 12 ದಾಟಿದರೆ ಸೋಮವಾರ. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿ.ಮೀ. ಹಾಗಾಗಿ ಅಂಥ ವಿಮಾನಕ್ಕೆ ಖಾನಾಪುರದಿಂದ ಗಾಡಿ ಭಾನುವಾರ ಮಧ್ಯಾಹ್ನವೇ ಬಿಡಬೇಕು. ಡ್ರೈವರ್‌ಗೆ '11ನೇ ತಾರೀಖು ಬೆಳಗ್ಗೆ' ಅಂತಷ್ಟೇ ಹೇಳಿದರೆ ಆತ ಸೋಮವಾರ ಬೆಳಗ್ಗೆ ಮನೆ ಮುಂದೆ ಗಾಡಿ ನಿಲ್ಲಿಸ್ತಾನೆ. ಬಂದವರು ಸಂಜೆವರೆಗೂ ಏರ್‌ಪೋರ್ಟ್‌ನಲ್ಲೇ ಕಾಯಬೇಕು.

ಹೋಗುವಾಗಲೂ ಇದೇ ಲೆಕ್ಕ. ಟಿಕೆಟ್‌ನಲ್ಲಿ 15ನೇ ತಾರೀಖು 00:20 ಅಂತಿದ್ದರೆ ಏರ್‌ಪೋರ್ಟ್‌ನಲ್ಲಿ ಇರಬೇಕಾದ್ದು 14ರ ರಾತ್ರಿ 9ರೊಳಗೆ. ರಾತ್ರಿ ಬಸ್ಸು ಅಥವಾ ರೈಲಿಗೆ ಹೋಗುವವರು 13ರ ರಾತ್ರಿಯೇ ಬೆಳಗಾವಿ ಬಿಡಬೇಕು. 14ರ ರಾತ್ರಿ ಹತ್ತಿದರೆ ಬೆಂಗಳೂರು ಮುಟ್ಟುವಷ್ಟರಲ್ಲಿ ವಿಮಾನ ಹೋಗಿರುತ್ತೆ.

ದಿನಾಂಕ ರೇಖೆ ಏನು ಮಾಡುತ್ತೆ?

ಪೂರ್ವಕ್ಕೆ ಹೋದಂತೆ ಗಡಿಯಾರ ಮುಂದಿಡ್ತಾ ಹೋಗಬೇಕು. ಹಾಗೇ ಭೂಮಿ ಸುತ್ತಿ ಬಂದರೆ ಒಂದು ದಿನ ಹೆಚ್ಚಾಗಿಬಿಡುತ್ತೆ. ಆ ಹೆಚ್ಚಿನ ದಿನ ಕಳೆಯೋಕೆ ಪೆಸಿಫಿಕ್ ಸಾಗರದ ನಡುವೆ, 180 ಡಿಗ್ರಿ ರೇಖಾಂಶದ ಆಸುಪಾಸು, ಒಂದು ಗೆರೆ ಗೊತ್ತುಮಾಡಿದ್ದಾರೆ. ಏಷ್ಯಾದಿಂದ ಅಮೆರಿಕದ ಕಡೆ ಅದನ್ನು ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ, ಅಮೆರಿಕದಿಂದ ಏಷ್ಯಾ ಕಡೆ ದಾಟಿದರೆ ಒಂದು ದಿನ ಮುಂದಕ್ಕೆ. ಈ ಗೆರೆ ನೇರವಾಗಿಲ್ಲ, ದೇಶಗಳ ಅನುಕೂಲಕ್ಕೆ ಬಾಗಿದೆ. 2011ರಲ್ಲಿ ಸಮೋವಾ ದೇಶ ಗೆರೆಯ ಆಚೆಯಿಂದ ಈಚೆಗೆ ಬಂದಾಗ ಅಲ್ಲಿ ಡಿಸೆಂಬರ್ 30 ಅನ್ನೋ ದಿನವೇ ಇರಲಿಲ್ಲ.

ಟೋಕಿಯೊ ಮೂಲಕ ಅಮೆರಿಕಕ್ಕೆ ಹೋಗುವವರ ಟಿಕೆಟ್‌ನಲ್ಲಿ ಇದು ಕಾಣುತ್ತೆ. ಚಳಿಗಾಲದಲ್ಲಿ ಟೋಕಿಯೊ ಸ್ಯಾನ್ ಫ್ರಾನ್ಸಿಸ್ಕೊಗಿಂತ 17 ಗಂಟೆ ಮುಂದೆ. ಸೋಮವಾರ ಸಂಜೆ 5ಕ್ಕೆ ಟೋಕಿಯೊ ಬಿಟ್ಟು ಒಂಬತ್ತೂವರೆ ಗಂಟೆ ಹಾರಿದರೆ ಇಳಿಯೋದು ಸೋಮವಾರವೇ ಬೆಳಗ್ಗೆ 9.30ಕ್ಕೆ. ಹೊರಟ ಹೊತ್ತಿಗಿಂತ ಮೊದಲೇ ತಲುಪಿದಂತೆ ಕಂಡರೂ ಅಚ್ಚಿನ ತಪ್ಪಲ್ಲ. ಅದೇ ವಿಮಾನ ಮಂಗಳವಾರ ರಾತ್ರಿ 12.30ಕ್ಕೆ ಹೊರಟರೆ ತಲುಪೋದು ಸೋಮವಾರ ಸಂಜೆ 5ಕ್ಕೆ, ಆಗ ಟಿಕೆಟ್‌ನಲ್ಲಿ -1 ಬರುತ್ತೆ.

ನಾವು ಗೆರೆ ಎಲ್ಲಿ ದಾಟಿತು ಅಂತ ಹುಡುಕಬೇಕಿಲ್ಲ. ಊರುಗಳ ಗಡಿಯಾರದ ವ್ಯತ್ಯಾಸದಲ್ಲೇ ಅದು ಸೇರಿರುತ್ತೆ.

ವಿಮಾನ ಬದಲಿಸುವುದಿದ್ದರೆ

ದುಬೈ, ದೋಹಾದಂಥ ಕಡೆ ವಿಮಾನ ಬದಲಿಸುವ ಟಿಕೆಟ್‌ನಲ್ಲಿ +1 ಅನ್ನು ಕೆಲವು ಕಡೆ ಪ್ರಯಾಣ ಶುರುವಾದ ದಿನದಿಂದ ಎಣಿಸಿರುತ್ತಾರೆ, ಕೆಲವು ಕಡೆ ಆ ಒಂದು ವಿಮಾನ ಹೊರಟ ದಿನದಿಂದ. ಹಾಗಾಗಿ ಕೊನೆಯ ವಿಮಾನದ ಸಾಲಿನಲ್ಲಿ ಬೆಂಗಳೂರಿಗೋ ಗೋವಾಕ್ಕೋ ತಲುಪುವ ತಾರೀಖು, ವಾರ ಪೂರ್ತಿ ಬರೆದಿದೆಯಾ ನೋಡಿ. ಅದನ್ನೇ ಗಾಡಿಯವರಿಗೆ 'ಭಾನುವಾರ ರಾತ್ರಿ ಕಳೆದು ಸೋಮವಾರ ನಸುಕಿನ 3.45' ಅಂತ ಬಿಡಿಸಿ ಹೇಳಿ.