ಪಾಸ್‌ವರ್ಡ್ ಹ್ಯಾಶಿಂಗ್

ಪಾಸ್‌ವರ್ಡ್ ಹ್ಯಾಶಿಂಗ್ ಎಂಬುದು ಬಳಕೆದಾರರ ಪಾಸ್‌ವರ್ಡನ್ನು (ಗುಪ್ತಪದ) ಇದ್ದಂತೆಯೇ ಉಳಿಸದೆ, ಅದರಿಂದ ಲೆಕ್ಕ ಹಾಕಿದ ಹಿಂದಿರುಗಿಸಲಾಗದ ಒಂದು ಮೌಲ್ಯವನ್ನು ಮಾತ್ರ ದತ್ತಸಂಚಯದಲ್ಲಿ ಇರಿಸುವ ವಿಧಾನವಾಗಿದೆ. ಈ ಮೌಲ್ಯವನ್ನು ಹ್ಯಾಶ್ ಎನ್ನುತ್ತಾರೆ. ಬಳಕೆದಾರನು ಮತ್ತೆ ಪ್ರವೇಶಿಸುವಾಗ ಆತ ಬರೆದ ಪಾಸ್‌ವರ್ಡಿಗೆ ಅದೇ ಲೆಕ್ಕವನ್ನು ಮಾಡಿ, ಬಂದ ಉತ್ತರವನ್ನು ಉಳಿಸಿದ ಹ್ಯಾಶ್‌ನೊಂದಿಗೆ ಹೋಲಿಸಲಾಗುತ್ತದೆ. ದತ್ತಸಂಚಯವು ಸೋರಿಕೆಯಾದ ಬಳಿಕ ಪಾಸ್‌ವರ್ಡ್‌ಗಳು ಎಷ್ಟು ಕಾಲ ಗುಪ್ತವಾಗಿ ಉಳಿಯುತ್ತವೆ ಎಂಬುದು ಎರಡು ಅಂಶಗಳನ್ನು ಅವಲಂಬಿಸಿದೆ. ಮೊದಲನೆಯದು ಪ್ರತಿ ಪಾಸ್‌ವರ್ಡಿಗೂ ಬೇರೆಬೇರೆಯಾಗಿ ಬೆರೆಸುವ ಯಾದೃಚ್ಛಿಕ ಅಕ್ಷರಗಳಾದ *ಸಾಲ್ಟ್*. ಎರಡನೆಯದು ಉದ್ದೇಶಪೂರ್ವಕವಾಗಿ ನಿಧಾನಗೊಳಿಸಿದ ಲೆಕ್ಕ.

## ಬೆಂಗಳೂರಿನ ಎರಡು ಸೋರಿಕೆಗಳು

2020ರಲ್ಲಿ ಬೆಂಗಳೂರು ಮೂಲದ ಎರಡು ಸಂಸ್ಥೆಗಳ ದತ್ತಾಂಶ ಸೋರಿಕೆ ಬೆಳಕಿಗೆ ಬಂದಿತು. ಎರಡರಲ್ಲಿಯೂ ಸುಮಾರು 2 ಕೋಟಿ ಬಳಕೆದಾರರ ದಾಖಲೆಗಳಿದ್ದವು. ಎರಡೂ ಕಡೆ ಪಾಸ್‌ವರ್ಡ್‌ಗಳು ಜ್ಯಾಂಗೋ ಎಂಬ ಜಾಲತಾಣ ನಿರ್ಮಾಣ ಚೌಕಟ್ಟಿನ ಮಾದರಿಯಲ್ಲಿ ಹ್ಯಾಶ್ ಆಗಿದ್ದವು, ಆದರೆ ಹ್ಯಾಶ್ ಮಾಡಿದ ವಿಧಾನಗಳು ಬೇರೆಯಾಗಿದ್ದವು.

ಆನ್‌ಲೈನ್ ಶಿಕ್ಷಣ ಸಂಸ್ಥೆಯಾದ ಅನ್‌ಅಕಾಡೆಮಿಯ ಸೋರಿಕೆಯು 2020ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಅದರ ಪಾಸ್‌ವರ್ಡ್‌ಗಳನ್ನು ಪಿಬಿಕೆಡಿಎಫ್2 ಎಂಬ ನಿಧಾನ ವಿಧಾನದಲ್ಲಿ ಉಳಿಸಲಾಗಿತ್ತು. ದಿನಸಿ ಮಾರಾಟ ಸಂಸ್ಥೆಯಾದ ಬಿಗ್‌ಬಾಸ್ಕೆಟ್‌ನ ಸೋರಿಕೆಯು ಅದೇ ವರ್ಷದ ನವೆಂಬರ್‌ನಲ್ಲಿ ಬೆಳಕಿಗೆ ಬಂದಿತು. ಸಂಸ್ಥೆಯು ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತು. ಮೊದಲು ಮಾರಾಟಕ್ಕಿದ್ದ ಆ ದತ್ತಾಂಶವು 2021ರ ಏಪ್ರಿಲ್‌ನಲ್ಲಿ ಉಚಿತವಾಗಿಯೇ ಹರಡಿತು. ಅದರಲ್ಲಿದ್ದ ಹ್ಯಾಶ್‌ಗಳು ಎಸ್‌ಎಚ್‌ಎ-1 ಎಂಬ ವೇಗದ ವಿಧಾನದವು. ದತ್ತಾಂಶವು ಹರಡಿದ ಕೆಲವೇ ದಿನಗಳಲ್ಲಿ ಸುಮಾರು 20 ಲಕ್ಷ ಪಾಸ್‌ವರ್ಡ್‌ಗಳನ್ನು ಬಿಡಿಸಿದ್ದಾಗಿ ಅದನ್ನು ಹಂಚಿಕೊಂಡ ವೇದಿಕೆಯ ಸದಸ್ಯರು ಹೇಳಿಕೊಂಡರು.

ಜ್ಯಾಂಗೋ 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ 1.4ನೇ ಆವೃತ್ತಿಯಿಂದ ಪಿಬಿಕೆಡಿಎಫ್2 ವಿಧಾನವನ್ನು ಪೂರ್ವನಿಯೋಜಿತವಾಗಿ ಬಳಸುತ್ತಿದೆ. ಅದಕ್ಕೂ ಮೊದಲಿನ ಆವೃತ್ತಿಗಳಲ್ಲಿ ಸಾಲ್ಟ್ ಬೆರೆಸಿದ ಎಸ್‌ಎಚ್‌ಎ-1 ಬಳಕೆಯಲ್ಲಿತ್ತು. ದಾಖಲೆಯ ಆರಂಭದ ಅಕ್ಷರಗಳಿಂದಲೇ ವಿಧಾನವನ್ನು ಗುರುತಿಸಬಹುದು:

```
sha1$<salt>$<hash>
pbkdf2_sha256$<iterations>$<salt>$<hash>
```

ಸಾಲ್ಟ್ ಈ ದಾಖಲೆಯಲ್ಲಿಯೇ ಬಹಿರಂಗವಾಗಿ ಇರುತ್ತದೆ. ಅದು ರಹಸ್ಯವಲ್ಲ. ದತ್ತಸಂಚಯವನ್ನು ಕದ್ದವರಿಗೆ ಸಾಲ್ಟ್ ಕೂಡ ದೊರೆಯುತ್ತದೆ ಎಂದು ಭಾವಿಸಿಯೇ ಈ ವಿಧಾನವನ್ನು ರೂಪಿಸಲಾಗಿದೆ.

## ದಾಳಿಯ ಸ್ವರೂಪ

ಹ್ಯಾಶ್‌ನಿಂದ ಪಾಸ್‌ವರ್ಡನ್ನು ಹಿಂದಿರುಗಿ ಪಡೆಯಲು ಸಾಧ್ಯವಿಲ್ಲದ ಕಾರಣ ದಾಳಿಕೋರನು ಊಹೆಯನ್ನೇ ಅವಲಂಬಿಸುತ್ತಾನೆ. ಜನರು ಇಡಬಹುದಾದ ಪಾಸ್‌ವರ್ಡ್‌ಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದರ ಹ್ಯಾಶ್ ಲೆಕ್ಕ ಹಾಕಿ, ಕದ್ದ ದಾಖಲೆಗಳೊಂದಿಗೆ ತಾಳೆ ನೋಡುತ್ತಾನೆ. ಈ ಕೆಲಸವು ಆತನ ಸ್ವಂತ ಗಣಕದಲ್ಲಿ ನಡೆಯುವುದರಿಂದ, ಮೂರು ಬಾರಿ ತಪ್ಪಿದರೆ ಖಾತೆಯನ್ನು ತಡೆಹಿಡಿಯುವಂತಹ ಜಾಲತಾಣದ ನಿಯಮಗಳು ಇಲ್ಲಿ ಅನ್ವಯಿಸುವುದಿಲ್ಲ. ಒಂದು ಊಹೆಗೆ ತಗಲುವ ಸಮಯವೊಂದೇ ಆತನಿಗಿರುವ ಮಿತಿ.

ಊಹೆಯ ಪಟ್ಟಿಗಳಲ್ಲಿ ವ್ಯಕ್ತಿಗಳ ಹೆಸರು, ದೇವರ ಹೆಸರು ಹಾಗೂ ಊರಿನ ಹೆಸರುಗಳಿಗೆ ಪ್ರಮುಖ ಸ್ಥಾನವಿದೆ. ಉದಾಹರಣೆಗೆ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಎಂಬ ನಾಲ್ಕು ಹೆಸರುಗಳನ್ನು ತೆಗೆದುಕೊಳ್ಳಬಹುದು. ಇವುಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ಮೊದಲ ಅಕ್ಷರ ದೊಡ್ಡದಾಗಿ ಒಮ್ಮೆ ಮತ್ತು ಚಿಕ್ಕದಾಗಿ ಒಮ್ಮೆ ಬರೆದರೆ 8 ರೂಪಗಳಾಗುತ್ತವೆ. ಹೆಸರಿನ ಮುಂದೆ ಏನೂ ಇಲ್ಲದೆ, `@` ಇಟ್ಟು ಅಥವಾ `_` ಇಟ್ಟು, ಅದರ ನಂತರ ನಾಲ್ಕು ಅಂಕಿಗಳನ್ನು ಸೇರಿಸಿದರೆ ಒಟ್ಟು 2,40,000 ಊಹೆಗಳಾಗುತ್ತವೆ. `Ramanagara@1985`, `kanakapura2020` ಮುಂತಾದವು ಎಲ್ಲವೂ ಈ ಪಟ್ಟಿಯೊಳಗೆ ಬರುತ್ತವೆ. ದೊಡ್ಡಕ್ಷರ, ಚಿಹ್ನೆ, ಅಂಕಿ ಎಲ್ಲವೂ ಇರುವುದರಿಂದ ಇವುಗಳಲ್ಲಿ ಹಲವನ್ನು ಜಾಲತಾಣಗಳು "ಬಲವಾದ ಪಾಸ್‌ವರ್ಡ್" ಎಂದು ಸ್ವೀಕರಿಸುತ್ತವೆ.

## ಸಾಲ್ಟ್‌ನ ಪಾತ್ರ

ಸಾಲ್ಟ್ ಇಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟ ಎಲ್ಲರ ಹ್ಯಾಶ್ ಒಂದೇ ಆಗಿರುತ್ತದೆ. `password` ಎಂಬ ಪದದ ಎಸ್‌ಎಚ್‌ಎ-1 ಹ್ಯಾಶ್ ಎಲ್ಲಿ ಲೆಕ್ಕ ಹಾಕಿದರೂ ಹೀಗೆಯೇ ಬರುತ್ತದೆ:

```
5baa61e4c9b93f3f0682250b6cf8331b7ee68fd8
```

ಆದ್ದರಿಂದ ದಾಳಿಕೋರನು ಒಂದು ಊಹೆಯನ್ನು ಒಮ್ಮೆ ಲೆಕ್ಕ ಹಾಕಿದರೆ ಸಾಕು, 2 ಕೋಟಿ ಜನರ ವಿರುದ್ಧವೂ ಅದನ್ನು ಪ್ರಯೋಗಿಸಿದಂತಾಗುತ್ತದೆ. ಲೆಕ್ಕವನ್ನು ಮುಂಚಿತವಾಗಿಯೇ ಮಾಡಿಟ್ಟ ಕೋಷ್ಟಕಗಳೂ ಉಪಯೋಗಕ್ಕೆ ಬರುತ್ತವೆ.

ಪ್ರತಿಯೊಬ್ಬರಿಗೂ ಬೇರೆ ಸಾಲ್ಟ್ ಇದ್ದಾಗ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹ್ಯಾಶ್‌ಗಳು ಬೇರೆಯಾಗುತ್ತವೆ. ಆಗ ಪ್ರತಿ ಊಹೆಯನ್ನೂ ಪ್ರತಿ ವ್ಯಕ್ತಿಗಾಗಿ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ. ಆದರೆ ಒಬ್ಬನೇ ವ್ಯಕ್ತಿಯನ್ನು ಗುರಿಯಾಗಿಸಿದ ದಾಳಿಯನ್ನು ಸಾಲ್ಟ್ ಸ್ವಲ್ಪವೂ ನಿಧಾನಗೊಳಿಸುವುದಿಲ್ಲ. ಆ ಕೊರತೆಯನ್ನು ನಿಧಾನ ಲೆಕ್ಕವು ತುಂಬುತ್ತದೆ.

## ನಿಧಾನ ಲೆಕ್ಕದ ಪಾತ್ರ

ಎಸ್‌ಎಚ್‌ಎ-1 ಮೊದಲಾದ ಸಾಮಾನ್ಯ ಹ್ಯಾಶ್‌ಗಳನ್ನು ದೊಡ್ಡ ಕಡತಗಳನ್ನು ಬೇಗನೆ ಪರಿಶೀಲಿಸಲು ರೂಪಿಸಲಾಗಿತ್ತು. ವೇಗವೇ ಅವುಗಳ ಗುಣ. 2022ರಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 4090 ಎಂಬ ಒಂದೇ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸುಮಾರು 5,000 ಕೋಟಿ ಎಸ್‌ಎಚ್‌ಎ-1 ಊಹೆಗಳನ್ನು ಪರೀಕ್ಷಿಸಬಲ್ಲದು.

ಪಿಬಿಕೆಡಿಎಫ್2 ವಿಧಾನದಲ್ಲಿ ಒಂದು ಹ್ಯಾಶ್‌ನ ಉತ್ತರವನ್ನು ಮುಂದಿನ ಹ್ಯಾಶ್‌ಗೆ ಒದಗಿಸುತ್ತ ಸಾವಿರಾರು ಬಾರಿ ಲೆಕ್ಕ ಮಾಡಲಾಗುತ್ತದೆ. ಹಿಂದಿನ ಸುತ್ತು ಮುಗಿಯದೆ ಮುಂದಿನದನ್ನು ಆರಂಭಿಸಲಾಗದು. ಜ್ಯಾಂಗೋ 2.0 ಆವೃತ್ತಿಯಲ್ಲಿದ್ದಂತೆ 1,00,000 ಸುತ್ತುಗಳಾದರೆ ಅದೇ ಕಾರ್ಡ್ ಸೆಕೆಂಡಿಗೆ ಸುಮಾರು 90,000 ಊಹೆಗಳನ್ನಷ್ಟೇ ಪರೀಕ್ಷಿಸಬಲ್ಲದು. ಸರಿಯಾದ ಪಾಸ್‌ವರ್ಡ್ ಬರೆದು ಪ್ರವೇಶಿಸುವ ಬಳಕೆದಾರನಿಗೆ ಈ ಲೆಕ್ಕವು ಒಮ್ಮೆ ಮಾತ್ರ ನಡೆಯುತ್ತದೆ. ಸೆಕೆಂಡಿನ ಸಣ್ಣ ಭಾಗದಷ್ಟು ವಿಳಂಬವು ಆತನ ಗಮನಕ್ಕೆ ಬರುವುದಿಲ್ಲ.

ಮೇಲೆ ಹೇಳಿದ 2,40,000 ಊಹೆಗಳ ಪಟ್ಟಿಯನ್ನು ಒಂದು ಕಾರ್ಡ್‌ನಿಂದ ಪೂರ್ತಿ ಪ್ರಯೋಗಿಸಲು ಬೇಕಾಗುವ ಅಂದಾಜು ಸಮಯ ಹೀಗಿದೆ:

| ವಿಧಾನ | ಒಬ್ಬರ ವಿರುದ್ಧ | 2 ಕೋಟಿ ಜನರ ವಿರುದ್ಧ |
|---|---|---|
| ಸಾಲ್ಟ್ ಇಲ್ಲದ ಎಸ್‌ಎಚ್‌ಎ-1 | ಸೆಕೆಂಡಿನ 2 ಲಕ್ಷದ ಒಂದು ಭಾಗ | ಲೆಕ್ಕಕ್ಕೆ ಅಷ್ಟೇ ಸಮಯ |
| ಸಾಲ್ಟ್ ಇರುವ ಎಸ್‌ಎಚ್‌ಎ-1 | ಸೆಕೆಂಡಿನ 2 ಲಕ್ಷದ ಒಂದು ಭಾಗ | 96 ಸೆಕೆಂಡು |
| ಪಿಬಿಕೆಡಿಎಫ್2, 1,00,000 ಸುತ್ತು | 2.7 ಸೆಕೆಂಡು | ಸುಮಾರು 617 ದಿನ |

ಕೋಷ್ಟಕದ ಎರಡನೆಯ ಸಾಲು ಬಿಗ್‌ಬಾಸ್ಕೆಟ್ ಪ್ರಕರಣದ ಮಾದರಿಗೆ ಹತ್ತಿರವಾದುದು. ಸಾಲ್ಟ್ ಇದ್ದರೂ ಲೆಕ್ಕವು ವೇಗವಾಗಿದ್ದರೆ ಎಲ್ಲರ ಮೇಲೂ ದಾಳಿ ಮಾಡಲು ಎರಡು ನಿಮಿಷಗಳೂ ಬೇಡ. ಮೂರನೆಯ ಸಾಲಿನಲ್ಲಿ ಸಾಮೂಹಿಕ ದಾಳಿಯು ದುಬಾರಿಯಾಗುತ್ತದೆ. ಆದರೆ ಒಬ್ಬನನ್ನೇ ಗುರಿಯಾಗಿಸಿದರೆ ಊರಿನ ಹೆಸರಿನ ಪಾಸ್‌ವರ್ಡ್ ಮೂರು ಸೆಕೆಂಡುಗಳೊಳಗೆ ಬಯಲಾಗುತ್ತದೆ.

ಸುಲಭದ ಊಹೆಗೆ ಸಿಗದ ಪಾಸ್‌ವರ್ಡಿನಲ್ಲಿ ನಿಧಾನ ಲೆಕ್ಕದ ಫಲ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಂದ ಯಾದೃಚ್ಛಿಕವಾಗಿ ಆಯ್ದ 8 ಅಕ್ಷರಗಳ ಪಾಸ್‌ವರ್ಡಿಗೆ ಸುಮಾರು 218 ಲಕ್ಷ ಕೋಟಿ ಸಾಧ್ಯತೆಗಳಿವೆ. ಒಬ್ಬರ ವಿರುದ್ಧ ಇವೆಲ್ಲವನ್ನೂ ಎಸ್‌ಎಚ್‌ಎ-1ರಲ್ಲಿ ಪರೀಕ್ಷಿಸಲು ಸುಮಾರು 73 ನಿಮಿಷಗಳು ಸಾಕು. ಮೇಲಿನ ಪಿಬಿಕೆಡಿಎಫ್2ರಲ್ಲಿ ಅದಕ್ಕೆ ಸುಮಾರು 77 ವರ್ಷಗಳು ಬೇಕು.

## ಸುತ್ತುಗಳ ಏರಿಕೆ ಮತ್ತು ಇತರ ವಿಧಾನಗಳು

1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು ಯುನಿಕ್ಸ್ ವ್ಯವಸ್ಥೆಗಾಗಿ ವಿವರಿಸಿದ ವಿಧಾನದಲ್ಲಿ 12 ಬಿಟ್‌ಗಳ ಸಾಲ್ಟ್ ಹಾಗೂ 25 ಸುತ್ತುಗಳಿದ್ದವು. ಯಂತ್ರಾಂಶವು ವೇಗವಾದಂತೆ ಸುತ್ತುಗಳನ್ನೂ ಹೆಚ್ಚಿಸಬೇಕಾಗುತ್ತದೆ. ಜ್ಯಾಂಗೋ 1.4ರಲ್ಲಿ 10,000 ಇದ್ದ ಸುತ್ತುಗಳು 4.2ರಲ್ಲಿ 6,00,000ಕ್ಕೆ ಏರಿದವು. ಪೈಥಾನ್ ಭಾಷೆಯಲ್ಲಿ ಇದನ್ನು ಹೀಗೆ ಬರೆಯಬಹುದು:

```
import hashlib, os
salt = os.urandom(16)
h = hashlib.pbkdf2_hmac("sha256", password.encode(), salt, 600000)
```

ಪಿಬಿಕೆಡಿಎಫ್2ಕ್ಕೆ ಅತ್ಯಲ್ಪ ಸ್ಮೃತಿ ಸಾಕಾಗುವುದರಿಂದ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸಾವಿರಾರು ಊಹೆಗಳನ್ನು ಏಕಕಾಲಕ್ಕೆ ನಡೆಸಬಹುದು. ಇದನ್ನು ತಡೆಯಲು ಪ್ರತಿ ಊಹೆಗೂ ಹೆಚ್ಚಿನ ಸ್ಮೃತಿಯನ್ನು ಬೇಡುವ ವಿಧಾನಗಳು ಬಂದವು. ಅವುಗಳಲ್ಲಿ ಆರ್ಗಾನ್2 ಎಂಬುದು 2015ರಲ್ಲಿ ಅಂತರರಾಷ್ಟ್ರೀಯ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಆಯ್ಕೆಯಾಯಿತು. 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್ ಕೂಡ ವ್ಯಾಪಕ ಬಳಕೆಯಲ್ಲಿದೆ.

## ಹಳೆಯ ದಾಖಲೆಗಳ ನವೀಕರಣ

ಸಂಸ್ಥೆಯ ಬಳಿ ಮೂಲ ಪಾಸ್‌ವರ್ಡ್ ಇರುವುದಿಲ್ಲವಾದ್ದರಿಂದ ಹಳೆಯ ಹ್ಯಾಶ್‌ಗಳನ್ನು ನೇರವಾಗಿ ಹೊಸ ವಿಧಾನಕ್ಕೆ ಬದಲಿಸಲಾಗದು. ಬಳಕೆದಾರನು ಮುಂದಿನ ಬಾರಿ ಪ್ರವೇಶಿಸಿದಾಗ, ಪಾಸ್‌ವರ್ಡ್ ಕೈಯಲ್ಲಿರುವ ಆ ಕ್ಷಣದಲ್ಲಿ ಹೊಸ ಹ್ಯಾಶ್ ಮಾಡಿ ಉಳಿಸುವುದು ರೂಢಿ. ಆದರೆ ಮತ್ತೆಂದೂ ಪ್ರವೇಶಿಸದವರ ದಾಖಲೆಗಳು ಹಳೆಯ ರೂಪದಲ್ಲಿಯೇ ಉಳಿದುಬಿಡುತ್ತವೆ. ಇದಕ್ಕೆ ಪರಿಹಾರವಾಗಿ ಹಳೆಯ ಎಸ್‌ಎಚ್‌ಎ-1 ಹ್ಯಾಶನ್ನೇ ಪಾಸ್‌ವರ್ಡ್ ಎಂದು ಭಾವಿಸಿ, ಅದರ ಮೇಲೆ ಪಿಬಿಕೆಡಿಎಫ್2 ಲೆಕ್ಕ ಮಾಡಿ, ಹಳೆಯ ಹ್ಯಾಶನ್ನು ಅಳಿಸಲಾಗುತ್ತದೆ. ಹಳೆಯ ಸಾಲ್ಟನ್ನು ಮಾತ್ರ ಉಳಿಸಿಕೊಳ್ಳಬೇಕು. ಹಳೆಯ ಹ್ಯಾಶ್‌ಗಳು ಬ್ಯಾಕಪ್ ಪ್ರತಿಗಳಲ್ಲಿ ಉಳಿದಿದ್ದರೆ ಈ ಶ್ರಮವು ವ್ಯರ್ಥವಾಗುತ್ತದೆ.

## ಕನ್ನಡ ಲಿಪಿಯ ಪಾಸ್‌ವರ್ಡ್‌ಗಳು

ಹ್ಯಾಶ್ ಲೆಕ್ಕವು ಅಕ್ಷರಗಳ ಮೇಲೆ ನಡೆಯದೆ ಬೈಟ್‌ಗಳ ಮೇಲೆ ನಡೆಯುತ್ತದೆ. ಇದರಿಂದ ಕನ್ನಡ ಲಿಪಿಯಲ್ಲಿ ಎರಡು ತೊಡಕುಗಳುಂಟಾಗುತ್ತವೆ. ಮೊದಲನೆಯದಾಗಿ, ಕಣ್ಣಿಗೆ ಒಂದೇ ರೀತಿ ಕಾಣುವ ಪದವು ಯುನಿಕೋಡ್‌ನಲ್ಲಿ ಎರಡು ರೀತಿಯಲ್ಲಿರಬಹುದು. "ಕೋಟೆ" ಎಂಬ ಪದದ "ೋ" ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಲ್ಲವೇ ಮೂರು ಸಂಕೇತಗಳಾಗಿ ಬರೆಯಬಹುದು. ಯುಟಿಎಫ್-8ರಲ್ಲಿ ಮೊದಲ ರೂಪವು 12 ಬೈಟ್, ಎರಡನೆಯದು 18 ಬೈಟ್. ಒಂದು ಸಾಧನದಲ್ಲಿ ಸರಿಯಾದ ಪಾಸ್‌ವರ್ಡ್ ಇನ್ನೊಂದರಲ್ಲಿ ತಪ್ಪೆಂದು ತೋರಿದರೆ ಇದೂ ಕಾರಣವಾಗಿರಬಹುದು. ಹ್ಯಾಶ್ ಮಾಡುವ ಮುನ್ನ ಪಠ್ಯವನ್ನು ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಎರಡನೆಯದಾಗಿ, ಬಿಕ್ರಿಪ್ಟ್ 72 ಬೈಟ್‌ಗಳನ್ನು ಮಾತ್ರ ಪರಿಗಣಿಸುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ, ಉದ್ದವಾದ ಕನ್ನಡ ವಾಕ್ಯವನ್ನು ಪಾಸ್‌ವರ್ಡ್ ಮಾಡಿಕೊಂಡರೂ ಮೊದಲ 24 ಸಂಕೇತಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

## ಮಿತಿಗಳು

ಹ್ಯಾಶಿಂಗ್ ರಕ್ಷಿಸುವುದು ಪಾಸ್‌ವರ್ಡನ್ನು ಮಾತ್ರ. ಅದೇ ದತ್ತಸಂಚಯದಲ್ಲಿದ್ದ ಹೆಸರು, ದೂರವಾಣಿ ಸಂಖ್ಯೆ ಮತ್ತು ವಿಳಾಸಗಳು ಸೋರಿಕೆಯಾದಾಗ ಇದ್ದಂತೆಯೇ ಹೊರಬೀಳುತ್ತವೆ. ನಕಲಿ ಜಾಲತಾಣದಲ್ಲಿ ಬಳಕೆದಾರನೇ ಬರೆದುಕೊಟ್ಟ ಪಾಸ್‌ವರ್ಡನ್ನೂ ಇದು ಕಾಯಲಾರದು.

ಜಾಲತಾಣವು ಯಾವ ವಿಧಾನವನ್ನು ಬಳಸುತ್ತಿದೆಯೆಂದು ಬಳಕೆದಾರನಿಗೆ ಹೊರಗಿನಿಂದ ತಿಳಿಯುವುದಿಲ್ಲ. ಆದರೆ ಪಾಸ್‌ವರ್ಡ್ ಮರೆತಾಗ ಹೊಸದನ್ನು ರಚಿಸಲು ಕೊಂಡಿ ಕಳುಹಿಸುವ ಬದಲು ಹಳೆಯ ಪಾಸ್‌ವರ್ಡನ್ನೇ ಮಿಂಚಂಚೆಯಲ್ಲಿ ಕಳುಹಿಸಿದರೆ, ಅಲ್ಲಿ ಹ್ಯಾಶಿಂಗ್ ನಡೆದಿಲ್ಲವೆಂಬುದು ಖಚಿತ. ಸೋರಿಕೆಯ ಬಳಿಕ ನಿಧಾನ ಹ್ಯಾಶಿಂಗ್ ಒದಗಿಸುವುದು ಕಾಲಾವಕಾಶವನ್ನು ಮಾತ್ರ. ಆ ಅವಧಿಯಲ್ಲಿ ಬಳಕೆದಾರನು ಆ ತಾಣದ ಪಾಸ್‌ವರ್ಡನ್ನೂ, ಅದನ್ನೇ ಇಟ್ಟಿರುವ ಇತರ ಖಾತೆಗಳ ಪಾಸ್‌ವರ್ಡನ್ನೂ ಬದಲಿಸಬೇಕಾಗುತ್ತದೆ.