ಹಾಲು ಬೆಳ್ಳಗಿದ್ದರೆ ಕೆಚ್ಚಲು ಬಾವು ಇಲ್ಲ ಎನ್ನುವುದು ನಿಜವೇ?

ನಿಜವಲ್ಲ. ಕೆಚ್ಚಲು ಊದುವ, ಹಾಲು ಒಡೆಯುವ ಮೊದಲೇ ರೋಗ ಒಳಗೆ ಶುರುವಾಗಿರಬಹುದು. ಬೆಂಗೇರಿಯಲ್ಲಿ ಮನೆ ಮುಂದೆ ಒಂದೇ ಎಮ್ಮೆ ಕಟ್ಟಿದವರೂ ಇದನ್ನು ಪರೀಕ್ಷಿಸಬಹುದು.

ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ. ಮೊದಲ ಕೆಲವು ಧಾರೆ ಬಿಟ್ಟು, ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಂಡಿ. ಹಾಲಿನಷ್ಟೇ ಸೋಪಿನ ನೀರು ಸೇರಿಸಿ ಮೆಲ್ಲಗೆ ತಿರುಗಿಸಿ. ಮೂರು ಬಟ್ಟಲು ತೆಳ್ಳಗೇ ಇದ್ದು, ಬಲಗಡೆ ಹಿಂದಿನ ಮೊಲೆಯ ಹಾಲು ಲೋಳೆಯಾದರೆ ಬಾವು ಅಲ್ಲಿದೆ. ರೋಗದಿಂದ ಹೆಚ್ಚಿದ ಬಿಳಿ ರಕ್ತಕಣಗಳು ಸೋಪಿಗೆ ಒಡೆದು ಲೋಳೆಯಾಗುತ್ತವೆ. ಆ ಮೊಲೆಯನ್ನು ಕೊನೆಗೆ ಹಿಂಡಿ, ಆ ಹಾಲನ್ನು ಬೇರೆ ಹಾಲಿಗೆ ಬೆರೆಸಬೇಡಿ, ಪಶುವೈದ್ಯರಿಗೆ ತೋರಿಸಿ. ಕರು ಹಾಕಿದ ಮೊದಲ ದಿನಗಳಲ್ಲಿ ಗಿಣ್ಣದ ಹಾಲೂ ಲೋಳೆಯಾಗುವುದರಿಂದ ಈ ಪರೀಕ್ಷೆ ನಂಬಬೇಡಿ.

‘ಸಗಣಿಯಲ್ಲಿ ಹುಳ ಕಂಡರೆ ಮಾತ್ರ ಜಂತುನಾಶಕ’ ಎನ್ನುವುದೂ ಇಂಥದ್ದೇ ತಪ್ಪು. ಜಂತುಗಳ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಕರುವಿಗೆ 10ರಿಂದ 14ನೇ ದಿನದೊಳಗೆ ಮೊದಲ ಔಷಧ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಿ. ದೊಡ್ಡ ದನಗಳಿಗೆ ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸಾಕು. ಗಬ್ಬದ ಮೊದಲ ದಿನಗಳಲ್ಲಿ ಆಲ್ಬೆಂಡಜೋಲ್ ಗರ್ಭಕ್ಕೆ ಹಾನಿ ಮಾಡಬಹುದು, ವೈದ್ಯರನ್ನು ಕೇಳದೆ ಕೊಡಬೇಡಿ.