ದಾಸೋಹದ ಅಳತೆ

ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿದ ಶ್ರೀ ಶರಣಬಸವೇಶ್ವರರು ಒಕ್ಕಲುತನದ ಕಾಯಕದಿಂದ ದಾಸೋಹವನ್ನು ನಡೆಸಿದರು. ಕಲಬುರಗಿಗೆ ಬಂದ ಬಳಿಕವೂ 1822ರಲ್ಲಿ ಲಿಂಗೈಕ್ಯರಾಗುವ ತನಕ ಅದನ್ನೇ ಮುಂದುವರಿಸಿದರು. ಬರುವವರ ಎಣಿಕೆ ಮೊದಲೇ ತಿಳಿಯದ ಇಂಥ ದಾಸೋಹಕ್ಕೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ಕರಿನೆಲದ ಹಿಂಗಾರಿ ಜೋಳವು ತಕ್ಕ ಆಸರೆಯಾಗಿದೆ. ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ ಹಲವು ದಿನ ಕೆಡದು. ಉಳಿದರೆ ನಾಳಿನ ಪಂಕ್ತಿಗೆ ಸಲ್ಲುವುದು. ಅನ್ನಕ್ಕೆ ಈ ಗುಣವಿಲ್ಲ. ಆದುದರಿಂದ ರೊಟ್ಟಿಯನ್ನು ಮುಂಗಡವಾಗಿ ಧಾರಾಳವಾಗಿಯೂ, ಅನ್ನವನ್ನು ಜನರನ್ನು ನೋಡಿಕೊಂಡೂ ಸಿದ್ಧಪಡಿಸುವುದು ಯುಕ್ತ.

500 ಜನರ ನಿರೀಕ್ಷೆಯಿದ್ದರೆ, ರೊಟ್ಟಿಯೊಡನೆ ತಲೆಗೆ 100 ಗ್ರಾಂ ಅಕ್ಕಿಯಂತೆ 50 ಕಿಲೋ ಬೇಕು. ಮೊದಲು 30 ಕಿಲೋ ಮಾತ್ರ ಬೇಯಿಸಿ, 150 ಜನರ ಎರಡನೆಯ ಪಂಕ್ತಿ ಕುಳಿತೊಡನೆ ಹೊರಗೆ ಕಾದಿರುವವರನ್ನು ಎಣಿಸಿ, ಅಷ್ಟಕ್ಕೇ ಮತ್ತೆ ಎಸರಿಡಬೇಕು. ಎಲೆಗೆ ರೊಟ್ಟಿ, ಪಲ್ಯ ಮೊದಲು ಬಡಿಸಿದರೆ ಅನ್ನ ಬೇಯಲು ಸಮಯ ದೊರೆಯುವುದು. ಹಸಿವೂ ಅರ್ಧ ತಣಿದಿರುವುದರಿಂದ ಅನ್ನ ಎಲೆಯಲ್ಲಿ ಉಳಿಯದು.

ಪಾತ್ರೆಯಲ್ಲಿ ಮುಟ್ಟದೆ ಉಳಿದ ಅನ್ನವನ್ನು ಬಿಸಿಯಿರುವಾಗಲೇ ಹಂಚಿಬಿಡಬೇಕು. ಆರಿ ನಾಲ್ಕು ತಾಸು ಕಳೆದ ಅನ್ನದ ದೋಷವು ವಾಸನೆಯಿಂದ ಯಾವಾಗಲೂ ತಿಳಿಯದು, ಮರಳಿ ಕಾಸಿದರೂ ಹೋಗದು. ಅದನ್ನು ದನಗಳಿಗೆ ಒಮ್ಮೆಲೇ ಸುರಿದರೆ ಅವಕ್ಕೂ ಅಜೀರ್ಣದ ಅಪಾಯವುಂಟು. ಗೊಬ್ಬರದ ಗುಂಡಿಯೇ ಅದಕ್ಕೆ ತಕ್ಕ ಸ್ಥಳ.